ಕೂಲಿ ಜಡತೆ ಮತ್ತು ಅಪೂರ್ಣ ಮಾಹಿತಿ: ಹಣದ ಏರಿಳಿತ ಉತ್ಪಾದನೆಯನ್ನು ಅಲುಗಾಡಿಸುವ ಬಗೆ

ದೇಶದಲ್ಲಿ ಹಣದ ಮೊತ್ತ ಇಮ್ಮಡಿಯಾದ ಮಾತ್ರಕ್ಕೆ ಮಗ್ಗಗಳಾಗಲಿ, ಹೊಲಗಳಾಗಲಿ, ದುಡಿಯುವ ಕೈಗಳಾಗಲಿ ಇಮ್ಮಡಿಯಾಗುವುದಿಲ್ಲ. ಕಾಲ ಕಳೆದಂತೆ ಬೆಲೆ, ಕೂಲಿ, ಬಾಡಿಗೆ ಎಲ್ಲವೂ ಅದೇ ಪ್ರಮಾಣದಲ್ಲಿ ಏರಿ, ಉತ್ಪಾದನೆ ಮೊದಲಿದ್ದಲ್ಲಿಗೇ ಬರುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಹಣದ ತಟಸ್ಥತೆ ಎನ್ನುತ್ತಾರೆ. ಆದರೆ ಅಲ್ಪಾವಧಿಯಲ್ಲಿ, ಅಂದರೆ ಕೆಲವು ತಿಂಗಳಿಂದ ಎರಡು ಮೂರು ವರ್ಷಗಳವರೆಗೆ, ಹೀಗಾಗುವುದಿಲ್ಲ. ಹಣ ಹೆಚ್ಚಿದಾಗ ಕೆಲಸ ಹೆಚ್ಚುತ್ತದೆ, ಹಣ ಬಿಗಿಯಾದಾಗ ಕೆಲಸ ಕುಗ್ಗುತ್ತದೆ. ಇದಕ್ಕೆ ಕೊಡುವ ಕಾರಣಗಳಲ್ಲಿ ಎರಡು ಮುಖ್ಯ. ಬೆಲೆ ಬದಲಾದರೂ ಕೂಲಿ ತಕ್ಷಣ ಬದಲಾಗುವುದಿಲ್ಲ ಎಂಬುದು ಒಂದು. ಇದು ಕೂಲಿ ಜಡತೆ. ತಾನು ಕಂಡ ಬೆಲೆ ಏರಿಕೆ ತನ್ನ ಸರಕಿಗೆ ಮಾತ್ರ ಆದದ್ದೋ ಎಲ್ಲ ಸರಕಿಗೂ ಆದದ್ದೋ ಎಂಬುದು ಉತ್ಪಾದಕನಿಗೆ ಕೂಡಲೇ ತಿಳಿಯುವುದಿಲ್ಲ ಎಂಬುದು ಇನ್ನೊಂದು. ಇದು ಅಪೂರ್ಣ ಮಾಹಿತಿ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್ ಸುತ್ತಲಿನ ಹಳ್ಳಿಗಳಲ್ಲಿ ಮಳೆ ನಂಬಿದ ಬೇಸಾಯವಿದೆ, ದಿನಗೂಲಿಯ ದುಡಿಮೆಯಿದೆ. ಇಳಕಲ್ಲು, ಗುಳೇದಗುಡ್ಡಗಳಲ್ಲಿ ಸೀರೆ ಮತ್ತು ಖಣದ ಮಗ್ಗಗಳಿವೆ. ಅಲ್ಲಿ ದುಡಿಮೆಗೆ ಸಿಗುವುದು ನೇಯ್ದ ಸರಕಿನ ಲೆಕ್ಕದ ಮಜೂರಿ.

ಪ್ರಶ್ನೆಯ ಹಿನ್ನೆಲೆ

ಹಣದ ಏರಿಳಿತ ಅಲ್ಪಾವಧಿಯಲ್ಲಿ ಉತ್ಪಾದನೆಯನ್ನು ಮುಟ್ಟುವುದೇಕೆ ಎಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. 1752ರಲ್ಲಿ ಪ್ರಕಟವಾದ ಹಣದ ಕುರಿತ ಪ್ರಬಂಧದಲ್ಲಿ ಅವನು ಹೇಳಿದ್ದು ಇಷ್ಟು: ಹೊಸ ಚಿನ್ನ ಬೆಳ್ಳಿ ದೇಶಕ್ಕೆ ಬಂದ ಹೊತ್ತಿಗೂ ಬೆಲೆಗಳೆಲ್ಲ ಏರಿ ಮುಗಿಯುವ ಹೊತ್ತಿಗೂ ನಡುವೆ ಒಂದು ಅವಧಿಯಿದೆ, ಹಣ ಕಸುಬಿಗೆ ಹುರುಪು ಕೊಡುವುದು ಆ ಅವಧಿಯಲ್ಲಿ ಮಾತ್ರ. ಹಣ ಕಡಿಮೆಯಾಗುವ ಕಾಲದಲ್ಲಿ ಇದು ತಿರುಗುಮುರುಗಾಗುತ್ತದೆ. ಪೇಟೆಯಲ್ಲಿ ಬೆಲೆ ಇನ್ನೂ ಇಳಿದಿರುವುದಿಲ್ಲ, ಆದರೆ ಕೆಲಸಗಾರನಿಗೆ ಮೊದಲಿನಷ್ಟು ಕೆಲಸ ಸಿಗುವುದಿಲ್ಲ.

ಆ ನಡುವಿನ ಅವಧಿ ಇರುವುದೇಕೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಎರಡು ಉತ್ತರಗಳು ಬಂದವು. 1936ರ ತನ್ನ ಗ್ರಂಥದಲ್ಲಿ ಜಾನ್ ಮೇನಾರ್ಡ್ ಕೇನ್ಸ್, ಕೆಲಸಗಾರರು ಹಣದ ಲೆಕ್ಕದ ಕೂಲಿ ಇಳಿಸುವುದನ್ನು ತಡೆಯುತ್ತಾರೆ, ಬೆಲೆ ಏರಿ ಅದೇ ಕೂಲಿಯ ಕೊಳ್ಳುವ ಶಕ್ತಿ ಕುಗ್ಗುವುದನ್ನು ಅಷ್ಟಾಗಿ ತಡೆಯುವುದಿಲ್ಲ ಎಂದು ಗುರುತಿಸಿದ. 1967ರ ಡಿಸೆಂಬರ್‌ನಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣ ಮಾಡಿದ ಮಿಲ್ಟನ್ ಫ್ರೀಡ್‌ಮನ್ ಬೇರೆ ದಾರಿ ಹಿಡಿದ. ಹಣ ಕೆಲಸ ಹೆಚ್ಚಿಸುವುದು ಜನರ ನಿರೀಕ್ಷೆ ವಾಸ್ತವಕ್ಕಿಂತ ಹಿಂದೆ ಬಿದ್ದಿರುವವರೆಗೆ ಮಾತ್ರ, ನಿರೀಕ್ಷೆ ಸರಿಹೋದೊಡನೆ ಆ ಪ್ರಭಾವ ಅಳಿಯುತ್ತದೆ ಎಂಬುದು ಅವನ ವಾದ. ಎಡ್ಮಂಡ್ ಫೆಲ್ಪ್ಸ್ ಕೂಡ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇದೇ ನಿಲುವಿಗೆ ಬಂದಿದ್ದ.

ಮೊದಲ ವಿವರಣೆ: ಕೂಲಿ ಜಡತೆ

ಇಳಕಲ್ ಸೀರೆಯ ವ್ಯಾಪಾರದಲ್ಲಿ ಬಂಡವಾಳ ಹೂಡುವ ಮಾಲೀಕ ನೇಕಾರನು ನೂಲು, ರೇಷ್ಮೆ ಕೊಡುತ್ತಾನೆ. ಮಗ್ಗದ ನೇಕಾರ ನೇಯ್ದು ಕೊಟ್ಟು ಸೀರೆಗೆ ಇಷ್ಟು ಎಂದು ಮಜೂರಿ ಪಡೆಯುತ್ತಾನೆ. ಎಷ್ಟು ಸೀರೆಗೆ ನೂಲು ಕೊಡಬೇಕು, ಅಂದರೆ ಎಷ್ಟು ಕೆಲಸ ಹುಟ್ಟಬೇಕು ಎಂಬುದನ್ನು ನಿರ್ಧರಿಸುವವನು ಮಾಲೀಕ. ಮಜೂರಿ ಮೊದಲೇ ಮಾತಾಗಿರುತ್ತದೆ. ಕೂಲಿ ಜಡತೆಯ ಸಿದ್ಧಾಂತಕ್ಕೆ ಬೇಕಾದ ಏರ್ಪಾಡು ಇದೇ.

ಲೆಕ್ಕದ ಅನುಕೂಲಕ್ಕೆ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಸೀರೆಯ ಸಗಟು ಬೆಲೆ 2,000 ರೂಪಾಯಿ, ನೂಲು ಮತ್ತು ಬಣ್ಣಕ್ಕೆ 1,000, ಮಜೂರಿ 700. ಮಾಲೀಕನ ಕೈಯಲ್ಲಿ 300 ಉಳಿಯುತ್ತದೆ. ಅದರಲ್ಲಿ ಸಾಲದ ಬಡ್ಡಿ, ಅಂಗಡಿ ಬಾಡಿಗೆಗೆ ಸೀರೆಗೆ 250 ರೂಪಾಯಿ ಹೋಗುತ್ತದೆ ಎನ್ನೋಣ.

ಈಗ ರಿಸರ್ವ್ ಬ್ಯಾಂಕು ಬಡ್ಡಿ ಇಳಿಸಿತು, ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು, ಜನರ ಕೈಯಲ್ಲಿ ಹಣ ಓಡಾಡಿತು, ಸೀರೆ ನೂಲು ಎರಡರ ಬೆಲೆಯೂ ಶೇಕಡಾ 10ರಷ್ಟು ಏರಿತು. ಸೀರೆಗೆ 2,200, ನೂಲಿಗೆ 1,100. ಮಜೂರಿ ಮಾತ್ರ ಹಳೆಯ 700. ಮಾಲೀಕನಿಗೆ ಉಳಿಯುವುದು 400. ಎಲ್ಲ ಬೆಲೆಗಳೂ ಶೇಕಡಾ 10 ಏರಿದ ಪೇಟೆಯಲ್ಲಿ ನೇಕಾರನ 700 ರೂಪಾಯಿಗೆ ಮೊದಲಿನ 636 ರೂಪಾಯಿಯ ಬೆಲೆ. ಶ್ರಮ ಅಗ್ಗವಾಗಿದೆ, ಲಾಭ ಹೆಚ್ಚಿದೆ. ಆದ್ದರಿಂದ ನಿಂತಿದ್ದ ಮಗ್ಗಗಳಿಗೂ ನೂಲು ಹೋಗುತ್ತದೆ. ಮುಂದಿನ ಮಾತುಕತೆಯಲ್ಲಿ ಮಜೂರಿ 770 ಆದಾಗ ಮಾಲೀಕನಿಗೆ 330 ಉಳಿಯುತ್ತದೆ. ಶೇಕಡಾ 10 ಏರಿದ ಬೆಲೆಯಲ್ಲಿ ಅದು ಹಳೆಯ 300ಕ್ಕೆ ಸಮ. ಬಡ್ಡಿ, ಬಾಡಿಗೆಗಳೂ ನವೀಕರಣವಾದ ಮೇಲೆ ಹೆಚ್ಚುವರಿ ಮಗ್ಗ ಓಡಿಸುವ ಕಾರಣ ಉಳಿಯುವುದಿಲ್ಲ. ಹಣದ ಪ್ರಭಾವ ಅಲ್ಲಿಗೆ ಮುಗಿಯಿತು.

ಹಣ ಬಿಗಿಯಾದಾಗಿನ ಲೆಕ್ಕ ಇನ್ನೂ ಕಠಿಣ. ಸೀರೆಗೆ 1,800, ನೂಲಿಗೆ 900, ಮಜೂರಿ 700 ಎಂದಾದರೆ ಉಳಿಯುವುದು 200. ಬಡ್ಡಿ ಬಾಡಿಗೆಯ 250 ಕೂಡ ಹುಟ್ಟುವುದಿಲ್ಲ. ಮಾಲೀಕ ನೂಲು ಕೊಡುವುದನ್ನು ಕಡಿಮೆ ಮಾಡುತ್ತಾನೆ. ಮಜೂರಿಯೂ ಶೇಕಡಾ 10 ಇಳಿದು 630 ಆಗಿದ್ದರೆ 270 ಉಳಿಯುತ್ತಿತ್ತು, ಮಗ್ಗ ನಿಲ್ಲುತ್ತಿರಲಿಲ್ಲ. ಮಜೂರಿಯಷ್ಟೇ ಅಲ್ಲ, ಬಡ್ಡಿ ಬಾಡಿಗೆಗಳೂ ರೂಪಾಯಿಯಲ್ಲಿ ಮಾತಾದವು ಎಂಬುದನ್ನು ಇಲ್ಲಿ ಗಮನಿಸಬೇಕು. ರೂಪಾಯಿಯಲ್ಲಿ ಬರೆದಿಟ್ಟ ಕರಾರುಗಳು ಹೆಚ್ಚಿದ್ದಷ್ಟೂ ಹಣದ ಏರಿಳಿತದ ಪೆಟ್ಟು ಜೋರು.

ಕರಾರಿನ ಅವಧಿ ಎಷ್ಟು ಎಂಬುದೂ ಮುಖ್ಯ. ಭಾರತದ ಬ್ಯಾಂಕು ನೌಕರರ ವೇತನ ಒಪ್ಪಂದ ಐದು ವರ್ಷಕ್ಕೊಮ್ಮೆ ಆಗುತ್ತದೆ. ನಡುವೆ ತುಟ್ಟಿಭತ್ಯೆ ಏರುತ್ತದೆ. ಉದ್ಯೋಗ ಖಾತ್ರಿಯ ಕೂಲಿಯನ್ನು ಏಪ್ರಿಲ್ ತಿಂಗಳಲ್ಲಿ ವರ್ಷಕ್ಕೊಮ್ಮೆ ನಿಗದಿ ಮಾಡುತ್ತಾರೆ: ಕರ್ನಾಟಕದಲ್ಲಿ ಅದು 2023-24ರಲ್ಲಿ ದಿನಕ್ಕೆ 316 ರೂಪಾಯಿ ಇದ್ದು, 2024-25ರಲ್ಲಿ 349 ಆಯಿತು. ಎಲ್ಲ ಕರಾರುಗಳೂ ಒಂದೇ ದಿನ ನವೀಕರಣವಾಗುವುದಿಲ್ಲ. ಸ್ಟ್ಯಾನ್ಲಿ ಫಿಷರ್ (1977) ಮತ್ತು ಜಾನ್ ಟೇಲರ್ (1980) ತಮ್ಮ ವಿವರಣೆ ಕಟ್ಟಿದ್ದು ಇದರ ಮೇಲೆಯೇ. ಟೇಲರ್ ತೋರಿಸಿದಂತೆ, ಈ ತಿಂಗಳು ಮಾತುಕತೆಗೆ ಕೂತವರು ಇನ್ನೂ ಬದಲಾಗದ ಬೇರೆಯವರ ಕೂಲಿಯನ್ನು ನೋಡಿ ತಮ್ಮದನ್ನು ನಿಗದಿ ಮಾಡುತ್ತಾರೆ; ಹೀಗಾಗಿ ಒಂದೊಂದು ಕರಾರು ಒಂದು ವರ್ಷದ್ದೇ ಆದರೂ ಒಟ್ಟು ಹೊಂದಾಣಿಕೆಗೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಬರಗಾಲದಲ್ಲೂ ಇಳಿಯದ ದಿನಗೂಲಿ

ಬರವಣಿಗೆಯ ಕರಾರೇ ಇಲ್ಲದ ಹಳ್ಳಿಯಲ್ಲಿ ಕೂಲಿ ದಿನದಿನಕ್ಕೆ ಬದಲಾಗಬಹುದಲ್ಲ ಎಂಬ ಆಕ್ಷೇಪ ಸಹಜ. ಕುಳಗೇರಿಯಂಥ ಕಡೆ ಬೆಳಿಗ್ಗೆ ಆಳು ಕರೆದು ಸಂಜೆ ಪಗಾರ ಕೊಡುವ ಪದ್ಧತಿಗೆ ಕಾಗದವಿಲ್ಲ, ಸಂಘವಿಲ್ಲ. ಕೃಷಿಕೂಲಿಯ ಪೇಟೆ ತೊಗರಿಯ ಪೇಟೆಯಂತೆ ಏರಿಳಿಯುತ್ತದೆ ಎಂದು ಬಹಳ ಕಾಲ ಅನೇಕರು ಭಾವಿಸಿದ್ದರು.

ಇದನ್ನು ಪರೀಕ್ಷಿಸಿದವರು ಅರ್ಥಶಾಸ್ತ್ರಜ್ಞೆ ಸುಪ್ರೀತ್ ಕೌರ್. 2019ರಲ್ಲಿ ಪ್ರಕಟವಾದ ಅವರ ಅಧ್ಯಯನ 1956ರಿಂದ 2009ರವರೆಗೆ ಭಾರತದ ಸುಮಾರು 600 ಜಿಲ್ಲೆಗಳ ಮಳೆ, ಕೃಷಿಕೂಲಿ ಮತ್ತು ಉದ್ಯೋಗವನ್ನು ಹೋಲಿಸಿತು. ಒಳ್ಳೆಯ ಮಳೆಯಾದ ವರ್ಷ ಕೂಲಿ ಏರುತ್ತದೆ. ಮಳೆ ಕೈಕೊಟ್ಟ ವರ್ಷ ಅದು ಇಳಿಯುವುದಿಲ್ಲ. ಒಳ್ಳೆಯ ವರ್ಷದಲ್ಲಿ ಏರಿದ ಕೂಲಿ ಮರುವರ್ಷ ಮಳೆ ಸಾಧಾರಣವಾದರೂ ಮೇಲೆಯೇ ನಿಲ್ಲುತ್ತದೆ. ಆಗ ರೈತರು ಕಡಿಮೆ ಆಳು ಕರೆಯುತ್ತಾರೆ; ಭೂಮಿಯಿಲ್ಲದ ಕೂಲಿಕಾರರ ದುಡಿಮೆಯ ದಿನಗಳು ಸುಮಾರು ಶೇಕಡಾ 9ರಷ್ಟು ಕುಗ್ಗುತ್ತವೆ. ತುಂಡು ಭೂಮಿ ಇರುವವರು ಹೊರಗೆ ಕೆಲಸ ಸಿಗದೆ ತಮ್ಮ ಹೊಲದಲ್ಲೇ ಹೆಚ್ಚು ದುಡಿಯುತ್ತಾರೆ. ಭೂಮಿ ಇಲ್ಲದವರಿಗೆ ಆ ಆಸರೆಯೂ ಇಲ್ಲ.

ಹಣದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಇದೇ ಅಧ್ಯಯನದ ಇನ್ನೊಂದು ಫಲಿತಾಂಶ. ಸಾಮಾನ್ಯ ಬೆಲೆಗಳು ಚೆನ್ನಾಗಿ ಏರುತ್ತಿದ್ದ ವರ್ಷಗಳಲ್ಲಿ ಈ ತೊಂದರೆ ಕಡಿಮೆಯಾಗಿತ್ತು. ಕಾರಣ ಸರಳ: 300 ರೂಪಾಯಿ ಕೂಲಿಯನ್ನು 280ಕ್ಕೆ ಇಳಿಸಲು ಯಾರೂ ಬಾಯಿ ತೆರೆಯುವುದಿಲ್ಲ, ಆದರೆ 300ರಲ್ಲೇ ನಿಂತು ಬೆಲೆ ಏರಿದರೆ ಅದೇ ಇಳಿಕೆ ತಾನಾಗಿ ಆಗುತ್ತದೆ. ಕೇನ್ಸ್ ಹೇಳಿದ ಮಾತು ಕಾರ್ಖಾನೆಯ ಕಾರ್ಮಿಕ ಸಂಘಕ್ಕಷ್ಟೇ ಅಲ್ಲ, ಆಳು ಕರೆಯುವ ಓಣಿಗೂ ಅನ್ವಯಿಸುತ್ತದೆ.

ಕೂಲಿ ಇಳಿಸದಿರಲು ಕಾನೂನಿನ ತಡೆ ಬೇಕಿಲ್ಲ. ಅಧ್ಯಯನದಲ್ಲಿ ಮಾತನಾಡಿಸಿದ ಕೂಲಿಕಾರರೂ ಆಳು ಕರೆಯುವವರೂ, ಕೆಲಸ ಕಡಿಮೆಯಿದೆ ಎಂದು ರೂಪಾಯಿ ಕಡಿತ ಮಾಡುವುದು ಅನ್ಯಾಯ, ಹಾಗೆ ಮಾಡಿದರೆ ಕೆಲಸಗಾರ ಮನಸ್ಸಿಟ್ಟು ದುಡಿಯುವುದಿಲ್ಲ ಎಂದೇ ಭಾವಿಸಿದ್ದರು. ಕಳೆ ಕೀಳುವ, ಹತ್ತಿ ಬಿಡಿಸುವ ಕೆಲಸದಲ್ಲಿ ಬೆನ್ನಿಗೆ ನಿಂತು ಕಾಯಲಾಗದು. ಮುನಿದ ಆಳಿನಿಂದಾಗುವ ನಷ್ಟ ಉಳಿಸಿದ ಇಪ್ಪತ್ತು ರೂಪಾಯಿಗಿಂತ ದೊಡ್ಡದು.

ಎರಡನೆಯ ವಿವರಣೆ: ಅಪೂರ್ಣ ಮಾಹಿತಿ

ಇಲ್ಲಿ ಕೂಲಿಯೂ ಬೆಲೆಯೂ ಸರಾಗವಾಗಿ ಬದಲಾಗುತ್ತವೆ. ಕೊರತೆ ಇರುವುದು ತಿಳಿವಳಿಕೆಯಲ್ಲಿ. ಪ್ರತಿಯೊಂದು ಪೇಟೆಯೂ ಒಂದು ದ್ವೀಪದಂತಿದ್ದು, ಅಲ್ಲಿನವರಿಗೆ ತಮ್ಮ ಸರಕಿನ ಬೆಲೆ ಕೂಡಲೇ ಕಾಣುತ್ತದೆ, ಉಳಿದ ದ್ವೀಪಗಳ ಬೆಲೆ ತಡವಾಗಿ ತಿಳಿಯುತ್ತದೆ ಎಂಬ ಚಿತ್ರವನ್ನು ಫೆಲ್ಪ್ಸ್ ಕೊಟ್ಟ. ಅದನ್ನು ಗಣಿತದ ಕಟ್ಟುನಿಟ್ಟಿಗೆ ತಂದವನು ರಾಬರ್ಟ್ ಲ್ಯೂಕಸ್, 1972 ಮತ್ತು 1973ರ ಎರಡು ಲೇಖನಗಳಲ್ಲಿ. 1995ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಸ್ವಂತ ಮಗ್ಗ, ಸ್ವಂತ ಬಂಡವಾಳದ ಒಬ್ಬ ನೇಕಾರನನ್ನು ತೆಗೆದುಕೊಳ್ಳೋಣ. ತನ್ನ ಸೀರೆಗೆ ನಿರೀಕ್ಷಿಸಿದ್ದಕ್ಕಿಂತ ಶೇಕಡಾ 10 ಹೆಚ್ಚು ಬೆಲೆ ಬಂದದ್ದು ಅವನಿಗೆ ಕಾಣುತ್ತದೆ. ಇಳಕಲ್ ಸೀರೆಗೇ ಬೇಡಿಕೆ ಬಂದಿದ್ದರೆ ಹೆಚ್ಚು ನೇಯುವುದು ಲಾಭ. ಅಕ್ಕಿ, ಎಣ್ಣೆ, ನೂಲು ಎಲ್ಲವೂ ಅಷ್ಟೇ ಏರಿದ್ದರೆ ರಾತ್ರಿ ಕೂತು ನೇಯ್ದರೂ ಪ್ರಯೋಜನವಿಲ್ಲ. ಯಾವುದು ನಿಜ ಎಂದು ಅವನು ಹಳೆಯ ಅನುಭವದಿಂದ ಊಹಿಸುತ್ತಾನೆ. ಆ ಊಹೆಯ ಸೂತ್ರ ಹೀಗಿದೆ: ಸರಕಿನ ಸ್ವಂತ ಏರಿಳಿತದ ವರ್ಗವನ್ನು, ಆ ವರ್ಗ ಮತ್ತು ಸಾಮಾನ್ಯ ಬೆಲೆಯ ಏರಿಳಿತದ ವರ್ಗ ಇವೆರಡರ ಮೊತ್ತದಿಂದ ಭಾಗಿಸಬೇಕು.

ಸೀರೆಯ ಸ್ವಂತ ಏರಿಳಿತ ಸಾಮಾನ್ಯವಾಗಿ ಶೇಕಡಾ 4ರಷ್ಟು, ದೇಶದ ಒಟ್ಟು ಬೆಲೆಯ ಅನಿರೀಕ್ಷಿತ ಏರಿಳಿತ ಶೇಕಡಾ 3ರಷ್ಟು ಎಂದಿರಲಿ. 16ನ್ನು 25ರಿಂದ ಭಾಗಿಸಿದರೆ 0.64. ಹಾಗಾಗಿ 10ರಲ್ಲಿ 6.4ರಷ್ಟು ತನ್ನ ಸರಕಿಗೇ ಬಂದ ಬೇಡಿಕೆ ಎಂದು ನೇಕಾರ ತಿಳಿದು ಹೆಚ್ಚು ನೇಯುತ್ತಾನೆ. ನಿಜದಲ್ಲಿ ಏರಿಕೆಯೆಲ್ಲ ಹಣದಿಂದ ಆದದ್ದಾದರೆ, ಪ್ರತಿ ಊರಿನ ಪ್ರತಿ ಉತ್ಪಾದಕನೂ ಇದೇ ರೀತಿ ತಪ್ಪು ತಿಳಿದು ದೇಶದ ಒಟ್ಟು ಉತ್ಪಾದನೆ ಏರುತ್ತದೆ. ಸಂತೆಯ ಬೆಲೆಗಳು ಒಂದೊಂದಾಗಿ ತಿಳಿದುಬಂದಾಗ ಎಲ್ಲರೂ ಹಿಂದೆ ಸರಿಯುತ್ತಾರೆ.

ಬೆಲೆಗಳು ಹುಚ್ಚಾಪಟ್ಟೆ ಕುಣಿಯುವ ದೇಶದಲ್ಲಿ ಸಾಮಾನ್ಯ ಬೆಲೆಯ ಏರಿಳಿತ ಶೇಕಡಾ 12 ಎಂದಿಟ್ಟರೆ 16ನ್ನು 160ರಿಂದ ಭಾಗಿಸಬೇಕು, ಬರುವುದು 0.1. ಅಲ್ಲಿನ ನೇಕಾರ 10ರಲ್ಲಿ 1ನ್ನಷ್ಟೇ ತನ್ನದೆಂದು ತಿಳಿಯುತ್ತಾನೆ. ಹಣದಿಂದ ಅವನನ್ನು ಮತ್ತೆ ಮತ್ತೆ ಹುರಿದುಂಬಿಸಲಾಗದು. 1973ರ ಲೇಖನದಲ್ಲಿ ಲ್ಯೂಕಸ್ 18 ದೇಶಗಳನ್ನು ಹೋಲಿಸಿ ಈ ನಿರೀಕ್ಷೆಯನ್ನು ಪರಿಶೀಲಿಸಿದ. ಖರ್ಚು ಸ್ಥಿರವಾಗಿದ್ದ ಅಮೆರಿಕದಂಥ ದೇಶಗಳಲ್ಲಿ ಬೇಡಿಕೆ ಏರಿದಾಗ ಉತ್ಪಾದನೆ ಗಣನೀಯವಾಗಿ ಏರಿತ್ತು. ಖರ್ಚು ವಿಪರೀತ ಏರಿಳಿದ ಅರ್ಜೆಂಟೀನಾದಲ್ಲಿ ಅದು ಬಹುಮಟ್ಟಿಗೆ ಬೆಲೆ ಏರಿಕೆಯಾಗಿಯೇ ಕರಗಿತ್ತು.

ಎರಡನ್ನೂ ಬೇರ್ಪಡಿಸುವ ಪರೀಕ್ಷೆಗಳು

ಎರಡೂ ವಿವರಣೆಗಳ ಕೊನೆಯ ಫಲ ಒಂದೇ: ನಿರೀಕ್ಷೆ ಮೀರಿ ಬೆಲೆ ಏರಿದಾಗ ಉತ್ಪಾದನೆ ಏರುತ್ತದೆ. ಆದರೂ ಅವುಗಳನ್ನು ಬೇರ್ಪಡಿಸಲು ಎರಡು ಪ್ರಶ್ನೆಗಳನ್ನು ಕೇಳಬಹುದು.

ಮೊದಲನೆಯದು, ಎಲ್ಲರಿಗೂ ತಿಳಿದ ಹಣದ ಬದಲಾವಣೆ ಉತ್ಪಾದನೆಯನ್ನು ಅಲುಗಾಡಿಸುತ್ತದೆಯೇ? ಲ್ಯೂಕಸ್‌ನ ವಿವರಣೆಯ ಪ್ರಕಾರ ಇಲ್ಲ. ಘೋಷಣೆ ಕೇಳಿದ ದಿನವೇ ಗೊಂದಲ ಹೋಗಿ ಬೆಲೆಗಳು ಸರಿಹೋಗಬೇಕು. ಕೂಲಿ ಜಡತೆಯ ಪ್ರಕಾರ ಹೌದು. ತಿಳಿದಿದ್ದರೂ ಕರಾರು ಮುಗಿಯುವವರೆಗೆ ಕೂಲಿ ಬದಲಾಗದು.

ಎರಡನೆಯದು, ಉತ್ಪಾದನೆ ಏರಿದಾಗ ಕೂಲಿಯ ಕೊಳ್ಳುವ ಶಕ್ತಿ ಏನಾಗುತ್ತದೆ? ಕೂಲಿ ಜಡತೆಯ ಸರಳ ರೂಪ ಹೇಳುವುದು, ಅದು ಇಳಿದಿರಬೇಕು ಎಂದು. ಮೇಲಿನ ಲೆಕ್ಕದ 636 ರೂಪಾಯಿ ಅದೇ. ಆದರೆ 1938-39ರಲ್ಲೇ ಜಾನ್ ಡನ್‌ಲಪ್ ಮತ್ತು ಲೋರಿ ಟಾರ್ಶಿಸ್ ಅಂಕಿಅಂಶ ನೋಡಿ, ಒಳ್ಳೆಯ ಕಾಲದಲ್ಲಿ ನೈಜ ಕೂಲಿ ಹಾಗೆ ಇಳಿಯುವುದು ಕಾಣುವುದಿಲ್ಲ ಎಂದು ಕೇನ್ಸ್‌ನನ್ನು ಪ್ರಶ್ನಿಸಿದ್ದರು. ಕೂಲಿಯ ಜೊತೆಗೆ ಸರಕಿನ ಬೆಲೆಯೂ ಜಡವಾಗಿರುತ್ತದೆ ಎಂದು ಒಪ್ಪಿಕೊಂಡೇ ಮುಂದಿನವರು ಈ ತೊಡಕನ್ನು ಸಡಿಲಿಸಿದರು.

2016ರ ನೋಟು ರದ್ದತಿ

ಮೊದಲ ಪ್ರಶ್ನೆಗೆ ನೋಟು ರದ್ದತಿಯಷ್ಟು ದೊಡ್ಡ ಪ್ರಮಾಣದ ಪ್ರಯೋಗ ಅಪರೂಪ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳ ಚಲಾವಣೆ ರದ್ದಾಯಿತು. ಚಲಾವಣೆಯಲ್ಲಿದ್ದ ನಗದಿನ ಮೌಲ್ಯದಲ್ಲಿ ಶೇಕಡಾ 86 ಅವೇ. ಹೊಸ ನೋಟುಗಳು ಮುದ್ರಣವಾಗಿ ಬರಲು ತಿಂಗಳುಗಳು ಹಿಡಿದವು; ಖಾತೆಯಿಂದ ವಾರಕ್ಕೆ 24,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಿತಿಯಿತ್ತು. ಉತ್ತರ ಕರ್ನಾಟಕದಲ್ಲಿ ಅದು ಹತ್ತಿ ಬಿಡಿಸುವ, ಹಿಂಗಾರಿ ಬೆಳೆ ನೋಡಿಕೊಳ್ಳುವ ಕಾಲ. ದಿನಗೂಲಿ ನಡೆಯುವುದು ನಗದಿನಲ್ಲೇ.

ಸುದ್ದಿ ದೂರದರ್ಶನದಲ್ಲಿ ಬಂದು ಒಂದೇ ರಾತ್ರಿಯಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಹಣ ಕಡಿಮೆಯಾಗಿದೆ ಎಂಬ ವಿಷಯದಲ್ಲಿ ಯಾರಿಗೂ ಅಪೂರ್ಣ ಮಾಹಿತಿ ಇರಲಿಲ್ಲ. ಬೆಲೆ ಕೂಲಿಗಳು ಸರಾಗವಾಗಿ ಬದಲಾಗುವಂತಿದ್ದರೆ ಅವು ಕೆಳಗೆ ಬಿದ್ದು ಕೆಲಸ ಮೊದಲಿನಂತೆ ನಡೆಯಬೇಕಿತ್ತು. ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಏರಿಕೆ ಆ ಡಿಸೆಂಬರ್‌ನಲ್ಲೂ ಶೇಕಡಾ 3ರ ಮೇಲೆಯೇ ಇತ್ತು. ಕುಗ್ಗಿದ್ದು ಕೆಲಸ.

ಎಷ್ಟು ಕುಗ್ಗಿತು ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಗೇಬ್ರಿಯಲ್ ಚೊಡೊರೊ-ರೈಕ್, ಗೀತಾ ಗೋಪಿನಾಥ್, ಪ್ರಾಚಿ ಮಿಶ್ರಾ ಮತ್ತು ಅಭಿನವ್ ನಾರಾಯಣನ್ ಅಳೆದರು. ಹೊಸ ನೋಟುಗಳು ಎಲ್ಲ ಜಿಲ್ಲೆಗಳಿಗೂ ಒಂದೇ ಪ್ರಮಾಣದಲ್ಲಿ ಬರಲಿಲ್ಲ. ಹೆಚ್ಚು ಕೊರತೆಯಾದ ಜಿಲ್ಲೆಗಳನ್ನು ಕಡಿಮೆ ಕೊರತೆಯಾದವುಗಳ ಜೊತೆ ಹೋಲಿಸಿ, ರಾತ್ರಿ ಉಪಗ್ರಹಕ್ಕೆ ಕಾಣುವ ದೀಪದ ಬೆಳಕನ್ನು ಉತ್ಪಾದನೆಯ ಗುರುತಾಗಿ ಬಳಸಿದರು. 2020ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ನಗದಿನ ಕೊರತೆಯಿಂದ ದೇಶದ ಉದ್ಯೋಗ ಮತ್ತು ಉತ್ಪಾದನೆ 2016ರ ಕೊನೆಯ ಮೂರು ತಿಂಗಳಲ್ಲಿ ಇರಬೇಕಾದ್ದಕ್ಕಿಂತ ಕನಿಷ್ಠ ಶೇಕಡಾ 2 ಕಡಿಮೆಯಾದವು. ಮುಂದಿನ ಕೆಲವು ತಿಂಗಳಲ್ಲಿ ಈ ಪೆಟ್ಟು ಅಳಿಯಿತು. ಅಲ್ಪಾವಧಿಯಲ್ಲಿ ಹಣ ತಟಸ್ಥವಲ್ಲ, ದೀರ್ಘಾವಧಿಯಲ್ಲಿ ಅದರ ಪ್ರಭಾವ ಮಾಸುತ್ತದೆ ಎಂಬುದಕ್ಕೆ ಇದು ಪುರಾವೆ.

ಈ ಪ್ರಕರಣದಿಂದ ಹೆಚ್ಚು ತೀರ್ಮಾನ ಎಳೆಯುವಂತಿಲ್ಲ. ಕೊರತೆ ತಾತ್ಕಾಲಿಕ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಬೆಲೆ ಕೂಲಿ ಇಳಿಸುವ ಅಗತ್ಯ ಕಾಣಲಿಲ್ಲ ಎನ್ನಬಹುದು. ಕೊಡುಕೊಳ್ಳುವಿಕೆಗೆ ನೋಟೇ ಸಿಗದಿದ್ದುದು ಬಡ್ಡಿದರದ ಮೂಲಕ ಬರುವ ಸಾಮಾನ್ಯ ಬಿಗಿತಕ್ಕಿಂತ ಬೇರೆ ಬಗೆಯದು. ಆದರೂ ಎಲ್ಲರಿಗೂ ತಿಳಿದ ಹಣದ ಬದಲಾವಣೆ ಉತ್ಪಾದನೆಯನ್ನು ಮುಟ್ಟುವುದಿಲ್ಲ ಎಂಬ ವಾದ ಇದರ ಮುಂದೆ ನಿಲ್ಲುವುದಿಲ್ಲ.

ಮಿತಿಗಳು ಮತ್ತು ಇಂದಿನ ನಿಲುವು

ಲ್ಯೂಕಸ್‌ನ ವಿವರಣೆಗೆ ಬಿದ್ದ ದೊಡ್ಡ ಆಕ್ಷೇಪ, ಬೆಲೆಗಳ ಸುದ್ದಿ ಅಷ್ಟು ತಡವಾಗಿ ಬರುವುದಿಲ್ಲ ಎಂಬುದು. ಭಾರತದ ಬೆಲೆ ಸೂಚ್ಯಂಕ ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ, ಇಳಕಲ್ಲಿನ ವ್ಯಾಪಾರಿಗೆ ಪುಣೆ ಸೊಲ್ಲಾಪುರದ ದರ ಫೋನಿನಲ್ಲೇ ತಿಳಿಯುತ್ತದೆ. ಒಂದು ತಿಂಗಳ ಅಜ್ಞಾನದಿಂದ ಎರಡು ವರ್ಷದ ಏರಿಳಿತ ಹುಟ್ಟಲಾರದು. 2002ರಲ್ಲಿ ಗ್ರೆಗರಿ ಮ್ಯಾನ್‌ಕ್ಯೂ ಮತ್ತು ರಿಕಾರ್ಡೊ ರೀಸ್ ಇದಕ್ಕೆ ಉತ್ತರ ಕೊಟ್ಟರು: ಮಾಹಿತಿ ಇದ್ದರೂ ಜನರು ಪ್ರತಿದಿನ ಅದನ್ನು ನೋಡಿ ಲೆಕ್ಕ ಬದಲಿಸುವುದಿಲ್ಲ, ಹಳೆಯ ಮಾಹಿತಿಯ ಮೇಲೆ ಮಾಡಿದ ಯೋಜನೆಯನ್ನೇ ಬಹುಕಾಲ ಮುಂದುವರಿಸುತ್ತಾರೆ. ಇಲ್ಲಿಗೆ ಬಂದರೆ ಎರಡು ವಿವರಣೆಗಳ ನಡುವಿನ ಗೋಡೆ ತೆಳುವಾಗುತ್ತದೆ. ವರ್ಷಕ್ಕೊಮ್ಮೆ ಮಾತ್ರ ಲೆಕ್ಕ ನೋಡುವ ಮಾಲೀಕನ ಮಜೂರಿ ಹೊರಗಿನವರಿಗೆ ಜಡವಾಗಿಯೇ ಕಾಣುತ್ತದೆ.

ಕೂಲಿ ಜಡತೆಗೂ ಎಲ್ಲೆಯಿದೆ. ಸ್ವಂತ ಹೊಲ, ಸ್ವಂತ ಮಗ್ಗದಲ್ಲಿ ಮನೆಮಂದಿಯೇ ದುಡಿಯುವ ಕಡೆ ಕೂಲಿಯೇ ಇಲ್ಲ. ಅಲ್ಲಿ ಹಣದ ಪೆಟ್ಟು ಕೆಲಸದ ದಿನಗಳಿಗಿಂತ ಆದಾಯದ ಮೇಲೆ ಬೀಳುತ್ತದೆ. ಜಡತೆ ಎರಡೂ ದಿಕ್ಕಿಗೆ ಒಂದೇ ಸಮನಾಗಿಲ್ಲ ಎಂಬುದನ್ನೂ ಸರಳ ಸಿದ್ಧಾಂತ ಬಿಟ್ಟಿತ್ತು. ಕೂಲಿ ಏರುವಾಗ ಏರುತ್ತದೆ, ಇಳಿಯುವಾಗ ನಿಲ್ಲುತ್ತದೆ. ಆದ್ದರಿಂದ ಹಣ ಸಡಿಲವಾದಾಗ ಆಗುವ ಲಾಭಕ್ಕಿಂತ ಬಿಗಿಯಾದಾಗ ಆಗುವ ಕೆಲಸದ ನಷ್ಟ ದೊಡ್ಡದು.

ಈ ಅಸಮತೆಯೇ ವಿಷಯದ ತಿರುಳು. ಬಾಗಲಕೋಟೆಯಂಥ ಜಿಲ್ಲೆಯಲ್ಲಿ ಹಣ ಬಿಗಿಯಾದಾಗ ಆಗುವ ಕುಸಿತವನ್ನು ಕೂಲಿ ಜಡತೆ ಹೆಚ್ಚು ಚೆನ್ನಾಗಿ ವಿವರಿಸುತ್ತದೆ. ಅದೇ ಹಣದ ಸಡಿಲಿಕೆ ಒಂದು ದೇಶದಲ್ಲಿ ಕೆಲಸವಾಗಿ, ಇನ್ನೊಂದರಲ್ಲಿ ಬರಿಯ ಬೆಲೆಯಾಗಿ ಪರಿಣಮಿಸುವುದೇಕೆ ಎಂಬುದನ್ನು ಅಪೂರ್ಣ ಮಾಹಿತಿ ವಿವರಿಸುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಗೊತ್ತುಮಾಡಿದ ಬೆಲೆ ಏರಿಕೆಯ ಗುರಿ ಶೂನ್ಯವಲ್ಲ, ಶೇಕಡಾ 4; ಎರಡು ಅಂಶ ಮೇಲೆ ಕೆಳಗೆ ಹೋಗಲು ಅವಕಾಶವಿದೆ. ರೂಪಾಯಿ ಕೂಲಿಯನ್ನು ಯಾರೂ ಇಳಿಸಲಾರದ ದೇಶದಲ್ಲಿ ಬೆಲೆ ಏರಿಕೆಯನ್ನು ಪೂರ್ತಿ ನಿಲ್ಲಿಸಿದರೆ ಅದರ ಬೆಲೆ ತೆರುವವರು ಭೂಮಿಯಿಲ್ಲದ ಕೂಲಿಕಾರರು.